ಲೀಟರ್ ಹಾಲಿಗೆ ಮೇವಿನ ಖರ್ಚು: ಎರಡು ಭಾಗ ಮಾಡಿ ನೋಡಿ

ಹೈನುಗಾರರ ಲೆಕ್ಕ ನೋಡುವಾಗ ನಾವು ಮೊದಲು ಕೇಳುವುದು ತಕ್ಕಡಿಯನ್ನು. ಹಸಿ ಮೇವನ್ನು ಹೊರೆಯಲ್ಲಿ, ಹುಲ್ಲನ್ನು ಕಟ್ಟಿನಲ್ಲಿ, ಫೀಡನ್ನು ಮೊರದಲ್ಲಿ ಅಳೆದರೆ ಮುಂದಿನ ಲೆಕ್ಕವೆಲ್ಲ ಅಂದಾಜೇ.

ದಿನಕ್ಕೆ 10 ಲೀಟರ್ ಕೊಡುವ ಎಚ್ಎಫ್ ಮಿಶ್ರತಳಿ ಹಸು ಎಂದಿಟ್ಟುಕೊಳ್ಳಿ. ನೇಪಿಯರ್ ಹುಲ್ಲು 25 ಕೆಜಿ, ಕೆಜಿಗೆ 2 ರೂಪಾಯಿಯಂತೆ 50. ರಾಗಿ ಹುಲ್ಲು 5 ಕೆಜಿ, 8 ರೂಪಾಯಿಯಂತೆ 40. ಫೀಡ್ 5.5 ಕೆಜಿ, 50 ಕೆಜಿ ಮೂಟೆಗೆ 1,300 ರೂಪಾಯಿ ಎಂದರೆ ಕೆಜಿಗೆ 26, ಒಟ್ಟು 143. ಖನಿಜ ಮಿಶ್ರಣ 50 ಗ್ರಾಂ, ಕೆಜಿಗೆ 140ರಂತೆ 7. ಎಲ್ಲ ಸೇರಿ ದಿನಕ್ಕೆ 240 ರೂಪಾಯಿ, ಲೀಟರಿಗೆ 24. ದರಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಊರಿನದನ್ನು ಹಾಕಿಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಿದರೆ ತಿಳಿಯುವುದು ಕಡಿಮೆ. ಫೀಡ್ ಕೊಡುವ ರೂಢಿಯ ಲೆಕ್ಕ: ಹಸುವಿನ ಮೈಗೆ ಒಂದೂವರೆ ಕೆಜಿ, ಮೇಲೆ ಪ್ರತಿ ಲೀಟರಿಗೆ 400 ಗ್ರಾಂ. ಆ 400 ಗ್ರಾಂನ ಬೆಲೆ 10.40 ರೂಪಾಯಿ. ಹತ್ತು ಲೀಟರಿನ 104 ರೂಪಾಯಿ ಕಳೆದರೆ ಉಳಿಯುವ 136 ರೂಪಾಯಿ ಹಸು ಎಷ್ಟೇ ಹಾಲು ಕೊಡಲಿ, ಬಿಡಲಿ, ಖರ್ಚಾಗುವುದೇ.

ಅದೇ ಹಸು 6 ಲೀಟರಿಗೆ ಇಳಿದಾಗ ಫೀಡನ್ನು 3.9 ಕೆಜಿಗೆ ಇಳಿಸಿದರೂ ಲೀಟರಿಗೆ ಸುಮಾರು 33 ರೂಪಾಯಿ ಬೀಳುತ್ತದೆ. ಫೀಡ್ ಇಳಿಸದೆ ಹಳೇ ಅಳತೆಯಲ್ಲೇ ಹಾಕುತ್ತಾ ಹೋದರೆ 40. ವಾರಕ್ಕೊಮ್ಮೆ ಎರಡೂ ಹೊತ್ತಿನ ಹಾಲು ಅಳೆದು ಫೀಡ್ ಬದಲಿಸದ ಕೊಟ್ಟಿಗೆಗಳಲ್ಲಿ ದುಡ್ಡು ಸೋರುವುದು ಇಲ್ಲೇ. ಹಾಗಂತ ಹಾಲು ಕೊಡುತ್ತಿರುವ ಹಸುವಿಗೆ ಫೀಡ್ ಕಿತ್ತುಕೊಳ್ಳಬೇಡಿ. ಮೈ ಇಳಿದು ಬೆದೆಗೆ ಬರುವುದು ತಡವಾಗುತ್ತದೆ, ಆ ನಷ್ಟ ದೊಡ್ಡದು.

ಭಾಗಿಸುವಾಗ ಡೇರಿ ಚೀಟಿಯ ಲೀಟರ್ ಮಾತ್ರ ಹಿಡಿಯಬೇಡಿ. ಒಂದು ಲೀಟರ್ ಮನೆಗೆ ಉಳಿದು 9 ಡೇರಿಗೆ ಹೋಗಿದ್ದರೆ 24 ಇದ್ದದ್ದು 26.67 ಎಂದು ಕಾಣುತ್ತದೆ. ಮೇವಿಗೆ ಮಾತ್ರ ಇದರ ತಿರುಗುಮುರುಗು: ಹಸು ತಿಂದದ್ದಲ್ಲ, ಗೋದಲಿಗೆ ಹಾಕಿದ್ದೇ ಖರ್ಚು. ಬಲಿತ ನೇಪಿಯರನ್ನು ಕತ್ತರಿಸದೆ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ. 25 ಕೆಜಿ ಹೊಟ್ಟೆಗೆ ಹೋಗಲು 30 ಕೆಜಿ ಹಾಕಬೇಕಾದರೆ ಲೀಟರಿಗೆ ಇನ್ನೊಂದು ರೂಪಾಯಿ ಸೇರಿತು. ಸ್ವಂತ ಹೊಲದ ಮೇವಿಗೂ ಪಕ್ಕದವರಿಗೆ ಮಾರಿದರೆ ಬರುವ ದರ ಹಾಕಿ.

ಬತ್ತಿದ ದಿನಗಳ ಮೇವನ್ನೂ ಹಾಲೇ ಹೊರಬೇಕು. ಆಗ 2 ಕೆಜಿ ಫೀಡ್ ಕೊಟ್ಟರೆ ದಿನಕ್ಕೆ 149 ರೂಪಾಯಿ, 60 ದಿನಕ್ಕೆ 8,940. ಕರು ಹಾಕಿದ ಮೇಲೆ 305 ದಿನ ಸರಾಸರಿ 8 ಲೀಟರ್ ಎಂದರೆ 2,440 ಲೀಟರ್, ಲೀಟರಿಗೆ 3.66 ರೂಪಾಯಿ ಸೇರುತ್ತದೆ. ಗಬ್ಬ ನಿಲ್ಲುವುದು ತಡವಾಗಿ ಬತ್ತಿದ ದಿನ 120 ಆದರೆ ಇದೇ ಬಾಬ್ತು 7.33.