ಕನ್ನಡ ಮೇಷ್ಟ್ರು ಮಾಡಿದ ಇಂಗ್ಲಿಷ್ ಪಾಠ

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರ ಹುದ್ದೆ ಖಾಲಿ ಇತ್ತು. ಆ ಪೀರಿಯಡ್ಡನ್ನೂ ಕನ್ನಡ ಮೇಷ್ಟ್ರೇ ತೆಗೆದುಕೊಳ್ಳುತ್ತಿದ್ದರು. ಪಠ್ಯದಲ್ಲಿ ಇಲ್ಲದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಅದನ್ನು ಹೆದರದೆ ಓದುವ ದಾರಿ ನಮಗೆ ಸಿಕ್ಕಿದ್ದು ಅವರಿಂದಲೇ.

ಒಮ್ಮೆ ಅವರು ಗೂಬೆಯ ಬಗ್ಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬೋರ್ಡ್ ಮೇಲೆ ಬರೆದರು. ಗೂಬೆ ನಾಕ್ಟರ್ನಲ್ ಹಕ್ಕಿ. ಅದರ ಜುವೆನೈಲ್‌ಗಳು ಕೆಲವು ವಾರ ಗೂಡಿನಲ್ಲೇ ಇರುತ್ತವೆ, ಅವಕ್ಕೆ ಮೆಟರ್ನಲ್ ಆರೈಕೆ ಬೇಕು. ಹಾವು, ಕಾಡುಬೆಕ್ಕಿನಂಥ ಪ್ರಿಡೇಟರ್‌ಗಳಿಂದಾಗಿ ಮೊದಲ ವರ್ಷ ಮಾರ್ಟಾಲಿಟಿ ಜಾಸ್ತಿ. ಐದು ಪದಗಳ ಕೆಳಗೆ ಗೆರೆ ಎಳೆದು, "ಡಿಕ್ಷನರಿ ಮುಟ್ಟಬೇಡಿ. ಸ್ವರ ಬಿಟ್ಟು ವ್ಯಂಜನ ಮಾತ್ರ ನೋಡಿ" ಅಂದರು.

ಮಾರ್ಟಾಲಿಟಿಯಲ್ಲಿ ಮ, ರ, ತ. ಪೇಪರಿನಲ್ಲಿ ದಿನಾ ಓದುವ 'ಮೃತಪಟ್ಟರು' ಅನ್ನುವ ಮಾತಿನಲ್ಲೂ ಅದೇ ಮ, ರ, ತ. ಹಾಗಾದರೆ ಸಾವಿನ ಮಾತು. ಮೆಟರ್ನಲ್‌ನಲ್ಲಿ ಮ, ತ, ರ. ಮಾತೃಭಾಷೆಯ ಮಾತೃ. ನಾಕ್ಟರ್ನಲ್‌ಗೆ ನಾವು ತಡಕಾಡಿದೆವು. "ಯಕ್ಷಗಾನದಲ್ಲಿ ರಾಕ್ಷಸನನ್ನು ನಕ್ತಂಚರ ಅಂತಾರಲ್ವಾ? ಯಾಕೆ?" ಅಂತ ಮೇಷ್ಟ್ರು ಕೇಳಿದರು. ರಾತ್ರಿ ತಿರುಗುವವನು! ಗೂಬೆಯೂ ಹಾಗೆಯೇ.

ಜುವೆನೈಲ್ ನನಗೆ ಇವತ್ತಿಗೂ ಇಷ್ಟ. ಅದರಲ್ಲಿರುವುದು ಜ, ವ, ನ. ಸಂಸ್ಕೃತದಲ್ಲಿ ಯೌವನ. ಆದರೆ ಯಕಾರ ಎಲ್ಲಿ, ಜಕಾರ ಎಲ್ಲಿ? ಮೇಷ್ಟ್ರು ನಮ್ಮ ತದ್ಭವದ ಪಾಠ ತೆಗೆದರು. ಯೋಗಿ ನಮ್ಮಲ್ಲಿ ಜೋಗಿ ಆಗಿದ್ದಾನೆ. ಯಮ ಜವನಾಗಿದ್ದಾನೆ. ಯೌವನ ಜವ್ವನ ಆಗಿದೆ. ಲ್ಯಾಟಿನ್ನಿನಲ್ಲೂ ಆ ಪದದ ಮೊದಲಲ್ಲಿ ಇದ್ದದ್ದು ಯಕಾರವೇ. ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಜಕಾರ ಆಯಿತು. ಕನ್ನಡದ ಅಂಕಕ್ಕೆಂದು ಬಾಯಿಪಾಠ ಮಾಡಿದ್ದ ತತ್ಸಮ-ತದ್ಭವ ಇಂಗ್ಲಿಷಿಗೂ ಕೆಲಸಕ್ಕೆ ಬಂದದ್ದು ನೋಡಿ ಕ್ಲಾಸಿಗೆ ಕ್ಲಾಸೇ ಖುಷಿಪಟ್ಟಿತು.

ಉಳಿದದ್ದು ಪ್ರಿಡೇಟರ್. ಪಕ್ಕದಲ್ಲಿ ಸಾವಿನ ಮಾತು ಇದ್ದುದರಿಂದ ಗೆಳೆಯನೊಬ್ಬ "ಪ್ರೇತ, ಸಾರ್" ಅಂದ. ಮೇಷ್ಟ್ರು ಬೈಯಲಿಲ್ಲ. "ಸರಿ, ಆ ಅರ್ಥ ಸಾಲಿನಲ್ಲಿಟ್ಟು ಓದು" ಅಂದರು. ಹಾವು, ಕಾಡುಬೆಕ್ಕಿನಂಥ ಪ್ರೇತಗಳು. ಕೂರಲಿಲ್ಲ. ಮರಿಗಳು ಸಾಯುವುದಕ್ಕೆ ಹಾವು, ಬೆಕ್ಕು ಕಾರಣ ಅಂದರೆ ಅವು ಹಿಡಿದು ತಿನ್ನುವ ಪ್ರಾಣಿಗಳು ಅಂತ ಆಮೇಲೆ ಅವನೇ ಹೇಳಿದ. ಆ ಪದಕ್ಕೆ ನಮ್ಮಲ್ಲಿ ನೆಂಟರಿಲ್ಲ. ಅಂಥ ಕಡೆ ಸುತ್ತಲಿನ ಮಾತೇ ಅರ್ಥ ಕೊಡಬೇಕು.

ಉಳಿದ ಪದಗಳಿಗೆ ಸಂಸ್ಕೃತದ ಜೊತೆ ನಂಟು ಇರಲು ಕಾರಣವನ್ನೂ ಅವರು ಬಿಡಿಸಿ ಹೇಳಿದ್ದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ ಅನ್ನುವ ಭಾಷಾವಿದ್ವಾಂಸ 1786ರಲ್ಲಿ ಕಲ್ಕತ್ತಾದಲ್ಲಿ ಹೇಳಿದ. ಇಂಗ್ಲಿಷೂ ಆ ಮನೆತನದ್ದೇ. ಕನ್ನಡ ಮಾತ್ರ ದ್ರಾವಿಡ ಭಾಷೆ. ಅದಕ್ಕೇ ನಮ್ಮ ಸ್ವಂತ ಪದಗಳಾದ ತಾಯಿ, ಸಾವು, ಇರುಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಾವು ಸಂಸ್ಕೃತದಿಂದ ತಂದುಕೊಂಡ ಪದಗಳನ್ನೇ ನೆನೆಯಬೇಕು.

ಇನ್ನೊಂದು ವಿಚಿತ್ರ ಇದೆ. ಇಂಗ್ಲಿಷಿನ ಪುಟ್ಟ ಪದಗಳಿಗಿಂತ ದೊಡ್ಡ ಪದಗಳೇ ನಮಗೆ ಹತ್ತಿರ. ದಂತಕ್ಕೂ ಟೂತ್‌ಗೂ, ಪಾದಕ್ಕೂ ಫುಟ್‌ಗೂ ನಂಟು ಇದ್ದರೂ ಕಣ್ಣಿಗೆ ಕಾಣುವುದಿಲ್ಲ. ಇಂಗ್ಲಿಷಿನ ಮನೆಮಾತಿನಲ್ಲಿ ದಕಾರ ಟಕಾರವಾಗಿ, ಪಕಾರ ಫಕಾರವಾಗಿ ಬದಲಾಗಿಬಿಟ್ಟಿದೆ. ಡೆಂಟಲ್, ಪೆಡಲ್ ಆಮೇಲೆ ಲ್ಯಾಟಿನ್ ಕಡೆಯಿಂದ ಬಂದವು, ಹಾಗಾಗಿ ಹಳೆಯ ವ್ಯಂಜನ ಉಳಿಸಿಕೊಂಡಿವೆ. ಕನ್ನಡ ಮೀಡಿಯಂ ಮಕ್ಕಳು ಹೆದರುವುದು ಈ ಉದ್ದುದ್ದ ಪದಗಳಿಗೇ ಅಲ್ವಾ?

ನಾನೀಗ ಆಸ್ಪತ್ರೆಯೊಂದರಲ್ಲಿ ನರ್ಸ್. ನರ್ಸಿಂಗ್ ಓದುವಾಗ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳ ಮುಂದೆ ಕೂತು ಇದೇ ಕೆಲಸ ಮಾಡುತ್ತಿದ್ದೆ. ನಮ್ಮ ವಾರ್ಡಿನ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ನಿಯೋನೇಟಲ್ ಅಂತಿದೆ, ಕೆಳಗೆ ಕನ್ನಡದಲ್ಲಿ ನವಜಾತ ಶಿಶು ಅಂತಿದೆ. ನಿಯೋ ಮತ್ತು ನವ ಒಂದೇ ಬೇರಿನವು, ನೇಟಲ್ ಮತ್ತು ಜಾತವೂ ಹಾಗೆಯೇ. ನಮ್ಮ ಜಕಾರದ ಜಾಗದಲ್ಲಿ ಲ್ಯಾಟಿನ್ನಿನಲ್ಲಿ ಗಕಾರ ಇತ್ತು, ಅದೂ ಮುಂದೆ ಬಿದ್ದುಹೋಯಿತು. ಬರೀ ವ್ಯಂಜನ ಎಣಿಸಿದರೆ ಈ ನಂಟು ಸಿಗುವುದಿಲ್ಲ.

ಪಕ್ಕದ ವಾರ್ಡಿನ ಪೀಡಿಯಾಟ್ರಿಕ್ ಇದಕ್ಕೆ ಉಲ್ಟಾ. ಅದರಲ್ಲೂ ಪ, ದ ಇವೆ. ಪಾದದ ವೈದ್ಯರು ಅನ್ನಿಸಬಹುದು. ಆದರೆ ಅದು ಮಗು ಅನ್ನುವ ಗ್ರೀಕ್ ಪದದಿಂದ ಬಂದದ್ದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಇದನ್ನು ಕೇಳಿದಾಗ, ಆ ಸಾಲಿನಲ್ಲಿ ಲಸಿಕೆ, ತೂಕ, ಎದೆಹಾಲಿನ ಮಾತು ಇದೆಯೇ ನೋಡಮ್ಮ ಅನ್ನುತ್ತೇನೆ. ಇದ್ದರೆ ಅಲ್ಲಿ ಪಾದಕ್ಕೇನು ಕೆಲಸ?