ಬ್ರೆಡ್‌ಬೋರ್ಡ್ ಪುಕ್ಕಟೆಯಾಗಿ ಕೊಟ್ಟ ಎರಡು ಪಿಕೋಫ್ಯಾರಡ್

ಬ್ರೆಡ್‌ಬೋರ್ಡಿನ ಮೇಲೆ ಚೊಕ್ಕವಾಗಿ ನಡೆದ ಸರ್ಕ್ಯೂಟ್ ಪಿಸಿಬಿಗೆ ಬಂದ ಮೇಲೆ ಕೆಟ್ಟರೆ, ಎಲ್ಲರೂ ಮೊದಲು ಬೆರಳು ತೋರಿಸುವುದು ಲೇಔಟ್ ಮಾಡಿದವನ ಕಡೆಗೆ. ಪುಣೆಯ ಭೋಸರಿಯಲ್ಲಿರುವ ನಮ್ಮ ಕಂಪನಿಯಲ್ಲಿ ಮಾತ್ರೆ ಎಣಿಸುವ ಯಂತ್ರದ ಸೆನ್ಸರ್ ಬೋರ್ಡಿಗೂ ಇದೇ ಗತಿಯಾಯಿತು. ಆದರೆ ಆ ಪಿಸಿಬಿಯ ತಪ್ಪೇನಾದರೂ ಇದ್ದರೆ, ಅದು ಬ್ರೆಡ್‌ಬೋರ್ಡಿಗಿಂತ ಚೆನ್ನಾಗಿತ್ತು ಎನ್ನುವುದೊಂದೇ.

ಯಂತ್ರದ ಕೆಲಸ ಸರಳವಾದದ್ದು. ಇಳಿಜಾರಿನ ಒಂದು ಬದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ 20 ಕಿಲೋಹರ್ಟ್ಸ್ ವೇಗದಲ್ಲಿ ಮಿನುಗುತ್ತದೆ, ಎದುರಿನಲ್ಲಿ BPW34 ಫೋಟೋಡಯೋಡ್ ಅದನ್ನು ನೋಡುತ್ತಿರುತ್ತದೆ. ಮಾತ್ರೆ ನಡುವೆ ಬಿದ್ದಾಗ ಕೆಲವು ಪಲ್ಸ್‌ಗಳು ತಪ್ಪುತ್ತವೆ, ಕಂಪ್ಯಾರೇಟರಿನ ಹಿಂದಿರುವ ಮೈಕ್ರೋಕಂಟ್ರೋಲರ್ ಆ ತಪ್ಪಿದ ಪಲ್ಸ್‌ಗಳನ್ನು ಲೆಕ್ಕ ಹಾಕುತ್ತದೆ. ಡಯೋಡಿನಿಂದ ಬರುವ ಸಿಗ್ನಲ್ ಕರೆಂಟ್ ಹೆಚ್ಚೆಂದರೆ ಒಂದು ಮೈಕ್ರೋಆಂಪಿಯರ್. ಅದನ್ನು ಒಂದು ವೋಲ್ಟ್ ಮಾಡಿಕೊಡುವುದಕ್ಕೆ OPA140 ಆಪ್-ಆಂಪಿನ ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಪಿನ್ನಿಗೆ ಒಂದು ಮೆಗಾಓಮ್ ರೆಸಿಸ್ಟರ್ ಹಾಕಿದ್ದೆವು. ನೂರು ಕಿಲೋಓಮ್ ಹಾಕಿ ಮುಂದೆ ಹತ್ತು ಪಟ್ಟು ವರ್ಧಿಸಬಹುದಿತ್ತು. ಆದರೆ ಈ ರೆಸಿಸ್ಟರ್ ಹತ್ತು ಪಟ್ಟು ಹೆಚ್ಚಾದರೆ ಸಿಗ್ನಲ್ ಹತ್ತು ಪಟ್ಟು ಬೆಳೆಯುತ್ತದೆ, ರೆಸಿಸ್ಟರಿನ ಸ್ವಂತ ಉಷ್ಣ ನಾಯ್ಸ್ ಅದರ ವರ್ಗಮೂಲದಷ್ಟು, ಎಂದರೆ ಸುಮಾರು ಮೂರು ಪಟ್ಟು ಮಾತ್ರ ಬೆಳೆಯುತ್ತದೆ. ಡಯೋಡ್ ಕಪ್ಪು ಕೊಳವೆಯೊಳಗೆ ಕೂತಿದ್ದರಿಂದ ಹೊರಗಿನ ಬೆಳಕಿಗೆ ಆಪ್-ಆಂಪ್ ಸ್ಯಾಚುರೇಟ್ ಆಗುವ ಭಯವೂ ಇರಲಿಲ್ಲ. ಒಂದು ಮೆಗಾಓಮ್ ಆಯ್ಕೆಯನ್ನು ನಾನು ಇಂದಿಗೂ ಸಮರ್ಥಿಸುತ್ತೇನೆ.

ಬ್ರೆಡ್‌ಬೋರ್ಡಿನ ಮೇಲೆ ಆ ರೆಸಿಸ್ಟರಿಗೆ ಸಮಾನಾಂತರವಾಗಿ ಕೂರುವ ಫೀಡ್‌ಬ್ಯಾಕ್ ಕೆಪಾಸಿಟರ್ ಇರಲಿಲ್ಲ. ಸ್ಕೋಪಿನಲ್ಲಿ ಚೌಕ ಅಲೆ ಅಂದವಾಗಿಯೇ ಕಾಣುತ್ತಿತ್ತಾದ್ದರಿಂದ ಸ್ಕೀಮ್ಯಾಟಿಕ್ಕಿನಲ್ಲೂ ಅದಕ್ಕೆ ಜಾಗ ಕೊಟ್ಟು ಡಿಎನ್‌ಪಿ, ಎಂದರೆ ಬಿಡಿಭಾಗ ಹಾಕಬೇಡಿ, ಎಂದು ಬರೆದು ಬಿಟ್ಟರು. ಪಿಸಿಬಿ ಬಂದ ದಿನ ಮೈಕ್ರೋಕಂಟ್ರೋಲರ್ ಸೆಕೆಂಡಿಗೆ 20 ಸಾವಿರ ಪಲ್ಸ್‌ಗಳ ಬದಲು ಒಮ್ಮೆ 40 ಸಾವಿರ, ಒಮ್ಮೆ 60 ಸಾವಿರ ಎಣಿಸತೊಡಗಿತು. ಆಪ್-ಆಂಪಿನ ಔಟ್‌ಪುಟ್ ನೋಡಿದರೆ ಪ್ರತಿ ಏರಿಕೆಯ ನಂತರವೂ ಅಲೆ ಮೇಲೆ ಕೆಳಗೆ ಕುಣಿದು, ಪೂರ್ತಿ ತಣ್ಣಗಾಗುವಷ್ಟರಲ್ಲಿ ಮುಂದಿನ ಇಳಿಕೆ ಬಂದುಬಿಡುತ್ತಿತ್ತು. ಕುಣಿತದ ಆವೃತ್ತಿ ಅಳೆದರೆ ಸುಮಾರು 130 ಕಿಲೋಹರ್ಟ್ಸ್.

ಈ ಅಂಕಿಯೇ ಎಲ್ಲರ ದಾರಿ ತಪ್ಪಿಸಿತು. ಬೋರ್ಡಿಗೆ ಶಕ್ತಿ ಕೊಡುತ್ತಿದ್ದ ಎಸ್‌ಎಂಪಿಎಸ್ ಸ್ವಿಚ್ ಆಗುತ್ತಿದ್ದದ್ದು 132 ಕಿಲೋಹರ್ಟ್ಸ್‌ನಲ್ಲಿ. ಬ್ರೆಡ್‌ಬೋರ್ಡ್ ನಡೆದದ್ದು ಮೇಜಿನ ಲೀನಿಯರ್ ಸಪ್ಲೈ ಮೇಲೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು? ನಾನೂ ಸಪ್ಲೈಯನ್ನೇ ಹಿಡಿದುಕೊಂಡೆ. ಫೆರೈಟ್ ಬೀಡ್ ಹಾಕಿದೆವು, ಡಿಕಪ್ಲಿಂಗ್ ಹೆಚ್ಚಿಸಿದೆವು, ಗ್ರೌಂಡಿಗೆ ದಪ್ಪ ತಂತಿ ಎಳೆದೆವು. ವಾರಾಂತ್ಯದೊಳಗೆ ಗ್ರಾಹಕರಿಗೆ ತೋರಿಸಬೇಕಿದ್ದ ಮ್ಯಾನೇಜರ್ ಬಾಗಿಲಲ್ಲಿ ನಿಂತು, ಹೊಸ ಸಪ್ಲೈ ತರಿಸಿಬಿಡೋಣವೇ ಎಂದು ಕೇಳುತ್ತಲೇ ಇದ್ದರು. ಸಪ್ಲೈ ಮಾರುವವನಿಗೆ ಖಾರವಾದ ಒಂದು ಮೇಲ್ ಕೂಡ ತಯಾರಾಗಿತ್ತು.

ಟೆಸ್ಟ್ ವಿಭಾಗದಲ್ಲಿದ್ದ ವಿಜಯಪುರದ ಹುಡುಗ ಅಷ್ಟರಲ್ಲಿ ಒಂದು ವಿಷಯ ಗಮನಿಸಿದ್ದ. "ಸರ್, ಆ ಒಂದು ಮೆಗಾ ರೆಸಿಸ್ಟರ್ ಹತ್ರ ಬೆರಳು ಒಯ್ದ್ರ ಕುಣಿಯೋದು ಕಡಿಮಿ ಆಗ್ತೈತ್ರಿ. ಮುಟ್ಟೂದೂ ಬ್ಯಾಡ, ಹತ್ರ ಹಿಡಿದ್ರ ಸಾಕ್ರಿ," ಎಂದ. ಸಪ್ಲೈ ನಾಯ್ಸ್ ಆಗಿದ್ದರೆ ಬೆರಳು ತಂದಾಗ ಹೆಚ್ಚಾಗಬೇಕು, ಕಡಿಮೆಯಾಗುವುದು ಹೇಗೆ? ಆಗ ಸ್ಕೋಪಿನ ಟ್ರಿಗರನ್ನು ಎಲ್‌ಇಡಿ ಡ್ರೈವ್ ಸಿಗ್ನಲ್ಲಿಗೆ ಕಟ್ಟಿ ನೋಡಿದೆವು. ಕುಣಿತ ಪರದೆಯ ಮೇಲೆ ಕಲ್ಲಿನಲ್ಲಿ ಕೆತ್ತಿದಂತೆ ನಿಂತಿತು. ಪ್ರತಿ ಅಂಚಿನಲ್ಲೂ ಅದೇ ಜಾಗದಿಂದ ಹುಟ್ಟಿ ಅದೇ ರೀತಿ ಕ್ಷೀಣಿಸುತ್ತಿತ್ತು. ಎಸ್‌ಎಂಪಿಎಸ್‌ನ ಸ್ವಿಚಿಂಗಿಗೂ ನಮ್ಮ ಎಲ್‌ಇಡಿಗೂ ಯಾವ ನಂಟೂ ಇಲ್ಲದಿರುವುದರಿಂದ ಅದರ ನಾಯ್ಸ್ ಹೀಗೆ ನಿಲ್ಲಲಾರದು, ಪರದೆಯ ಮೇಲೆ ಹರಡಿಕೊಳ್ಳುತ್ತದೆ. ಎಲ್‌ಇಡಿ ಆರಿಸಿದಾಗ ಔಟ್‌ಪುಟ್ ಬಹುಮಟ್ಟಿಗೆ ಸಮತಟ್ಟಾಯಿತು. ಕೊನೆಗೆ ಎರಡು 9 ವೋಲ್ಟ್ ಬ್ಯಾಟರಿಗಳ ಮೇಲೆ ನಡೆಸಿದಾಗಲೂ ಕುಣಿತ ಹಾಗೆಯೇ ಇತ್ತು. ಖಾರದ ಮೇಲ್ ಕಳಿಸದೆ ಉಳಿಯಿತು.

ಆಗುತ್ತಿದ್ದದ್ದು ಇಷ್ಟು. ಡಯೋಡಿನ ಕೆಪಾಸಿಟೆನ್ಸ್ ಬಯಾಸ್ ಇಲ್ಲದಾಗ ಸುಮಾರು 70 ಪಿಕೋಫ್ಯಾರಡ್. ಆಪ್-ಆಂಪಿನ ಇನ್‌ಪುಟ್ಟಿನದು ಮತ್ತು ಟ್ರ್ಯಾಕುಗಳದ್ದು ಸೇರಿ ಒಟ್ಟು 100 ಎಂದಿಟ್ಟುಕೊಳ್ಳೋಣ. ಇದು ಒಂದು ಮೆಗಾಓಮ್ ಜೊತೆ ಸೇರಿದರೆ ಫೀಡ್‌ಬ್ಯಾಕ್ ದಾರಿಯಲ್ಲೇ ಒಂದು ಆರ್‌ಸಿ ಫಿಲ್ಟರ್ ಕೂತಂತೆ, ಮತ್ತು ಅದು 1.6 ಕಿಲೋಹರ್ಟ್ಸ್‌ನಿಂದಲೇ ಫೇಸನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ಆಪ್-ಆಂಪ್ ತಾನಾಗಿಯೇ 90 ಡಿಗ್ರಿ ಹಿಂದಿರುತ್ತದೆ. ಈ ಫಿಲ್ಟರ್ ಇನ್ನೂ ಹೆಚ್ಚುಕಡಿಮೆ 90 ಡಿಗ್ರಿ ಸೇರಿಸುತ್ತದೆ. ಲೂಪ್ ಗೇನ್ ಒಂದಕ್ಕೆ ಇಳಿಯುವ ಆವೃತ್ತಿಯಲ್ಲಿ ಉಳಿಯುವ ಫೇಸ್ ಮಾರ್ಜಿನ್, ಎಂದರೆ 180 ಡಿಗ್ರಿಗೆ ಇರುವ ಅಂತರ, ಬಹುತೇಕ ಸೊನ್ನೆ. ಆ ಆವೃತ್ತಿ ಇದು; GBW ಎಂದರೆ ಆಪ್-ಆಂಪಿನ ಗೇನ್-ಬ್ಯಾಂಡ್‌ವಿಡ್ತ್ ಗುಣಲಬ್ಧ, Rf ಆ ಒಂದು ಮೆಗಾಓಮ್, Cin ಆ 100 ಪಿಕೋಫ್ಯಾರಡ್:

```
fi = √( GBW / (2π · Rf · Cin) )
   = √( 11 MHz / (2π · 1 MΩ · 100 pF) ) ≈ 132 kHz
```

ಎಸ್‌ಎಂಪಿಎಸ್‌ನ 132 ಮತ್ತು ಈ 132 ಎರಡೂ ಒಂದೇ ಆದದ್ದು ಶುದ್ಧ ಕಾಕತಾಳೀಯ. ರೆಸಿಸ್ಟರನ್ನು ಬದಲಿಸಿ ನೋಡಿದ್ದರೆ ಸಂಶಯ ಐದು ನಿಮಿಷದಲ್ಲಿ ತೀರುತ್ತಿತ್ತು: ಅದನ್ನು ನೂರು ಕಿಲೋಓಮ್ ಮಾಡಿದರೆ ಕುಣಿತ 400 ಕಿಲೋಹರ್ಟ್ಸ್ ದಾಟುತ್ತದೆ, ಸಪ್ಲೈ ಮಾತ್ರ ತನ್ನ 132ರಲ್ಲೇ ಇರುತ್ತದೆ.

ಫೀಡ್‌ಬ್ಯಾಕ್ ಕೆಪಾಸಿಟರ್ ಈ ಕಳೆದುಹೋದ ಫೇಸನ್ನು ವಾಪಸ್ ತರುತ್ತದೆ. ಎಷ್ಟು ಬೇಕು ಎನ್ನುವುದಕ್ಕೆ ಸೂತ್ರ ಹೀಗಿದೆ:

```
Cf = √( Cin / (2π · Rf · GBW) ) ≈ 1.2 pF
```

ಇದು 45 ಡಿಗ್ರಿ ಮಾರ್ಜಿನ್ ಕೊಡುವ ಬೆಲೆ; ಇಷ್ಟಕ್ಕೆ ನಿಲ್ಲಿಸಿದರೆ ಅಂಚಿನಲ್ಲಿ ಸುಮಾರು 16 ಶೇಕಡಾ ಓವರ್‌ಶೂಟ್ ಉಳಿಯುತ್ತದೆ. ಇದನ್ನು 1.4ರಿಂದ ಗುಣಿಸಿ 1.7 ಪಿಕೋಫ್ಯಾರಡ್ ಮಾಡಿದರೆ ಓವರ್‌ಶೂಟ್ ನಾಲ್ಕು ಶೇಕಡಾದ ಆಸುಪಾಸಿಗೆ ಇಳಿದು, ಬ್ಯಾಂಡ್‌ವಿಡ್ತ್ 130 ಕಿಲೋಹರ್ಟ್ಸ್ ಹತ್ತಿರವೇ ನಿಲ್ಲುತ್ತದೆ. ಈಗ ಬ್ರೆಡ್‌ಬೋರ್ಡಿನ ಗುಟ್ಟು ಬಯಲಾಗುತ್ತದೆ. ಅದರ ಅಕ್ಕಪಕ್ಕದ ಎರಡು ಸಾಲುಗಳ ಲೋಹದ ಪಟ್ಟಿಗಳ ನಡುವೆ ಸುಮಾರು ಎರಡು ಪಿಕೋಫ್ಯಾರಡ್ ಇರುತ್ತದೆ, ಇನ್ವರ್ಟಿಂಗ್ ಪಿನ್ನಿನ ತಂತಿಯೂ ಔಟ್‌ಪುಟ್ಟಿನ ತಂತಿಯೂ ಬಂದು ಕೂತಿದ್ದದ್ದು ಅಂಥ ಸಾಲುಗಳಲ್ಲೇ. ನಾವು ಹಾಕದ ಕೆಪಾಸಿಟರನ್ನು ಅದು ತಾನೇ ಹಾಕಿಕೊಂಡಿತ್ತು. ಪಿಸಿಬಿಯಲ್ಲಿ ಲೇಔಟ್ ಹುಡುಗ ಇನ್‌ಪುಟ್ ಪಿನ್ನಿನ ಕೆಳಗಿನ ಕಾಪರ್ ತೆಗೆದು, ಔಟ್‌ಪುಟ್ ಟ್ರ್ಯಾಕನ್ನು ದೂರ ಎಳೆದು ಅಚ್ಚುಕಟ್ಟಾಗಿ ಮಾಡಿದ್ದ. ಅಲ್ಲಿ ಉಳಿದದ್ದು 0805 ರೆಸಿಸ್ಟರ್ ಮತ್ತು ಅದರ ಪ್ಯಾಡುಗಳದ್ದು ಮಾತ್ರ, 0.15ರ ಆಸುಪಾಸು. ಬೆರಳು ಹತ್ತಿರ ಬಂದಾಗ ಆ ಕೊರತೆ ಸ್ವಲ್ಪ ತುಂಬುತ್ತಿತ್ತು.

ಪರೀಕ್ಷೆಗೆಂದು ಎರಡು ತೆಳು ಎನಾಮಲ್ ತಂತಿಗಳನ್ನು ಹೊಸೆದು ರೆಸಿಸ್ಟರಿನ ಎರಡು ತುದಿಗೆ ಬೆಸೆದೆವು. ಹೊಸೆದ ತುದಿಯನ್ನು ಕಟರಿನಿಂದ ಕೊಂಚ ಕೊಂಚವೇ ಕತ್ತರಿಸುತ್ತಾ, ಸ್ಕೋಪಿನಲ್ಲಿ ಅಂಚಿನ ಗುಂಡುತನ ಹೋಗಿ ಸಣ್ಣದೊಂದು ಓವರ್‌ಶೂಟ್ ಇಣುಕುವವರೆಗೆ ಬಂದು ನಿಲ್ಲಿಸಿದೆವು. ಎಣಿಕೆ 20 ಸಾವಿರಕ್ಕೆ ಬಂತು. ಬೋರ್ಡಿಗೆ ಹಾಕಬೇಕಾದದ್ದು 1.7ರಲ್ಲಿ ಪ್ಯಾಡಿನ 0.15 ಕಳೆದು ಸಿಗುವ 1.5 ಪಿಕೋಫ್ಯಾರಡ್, ತಾಪಮಾನಕ್ಕೆ ಬೆಲೆ ಬದಲಿಸದ ಸಿ0ಜಿ ಬಗೆಯದು. ಇಂಥ ಸಣ್ಣ ಬೆಲೆಗೆ ಟಾಲರೆನ್ಸ್ ಶೇಕಡಾದಲ್ಲಿ ಬರುವುದಿಲ್ಲ, 0.25 ಪಿಕೋಫ್ಯಾರಡ್ ಹೆಚ್ಚುಕಡಿಮೆ ಎಂದು ಬರುತ್ತದೆ. ಕೆಳಗಿನ ತುದಿಯಲ್ಲಿ ಓವರ್‌ಶೂಟ್ ಹತ್ತು ಶೇಕಡಾ ಮುಟ್ಟುತ್ತದೆ, ನಮ್ಮ ಕಂಪ್ಯಾರೇಟರಿನ ಹಿಸ್ಟರಿಸಿಸ್ ಅದನ್ನು ನುಂಗಿಕೊಳ್ಳುತ್ತದೆ.

ಆಮೇಲೆ ಬಂದದ್ದು ಪರ್ಚೇಸ್ ವಿಭಾಗ. 1.5 ಪಿಕೋಫ್ಯಾರಡ್ ಸ್ಟೋರಿನಲ್ಲಿಲ್ಲ, ತರಿಸಿದರೆ ಇಡೀ ರೀಲೇ ತರಿಸಬೇಕು, 10 ಪಿಕೋಫ್ಯಾರಡ್ ಬೇಕಾದಷ್ಟಿದೆ, ಕೆಪಾಸಿಟರ್ ಹೆಚ್ಚಾದಷ್ಟೂ ಸ್ಥಿರತೆ ಹೆಚ್ಚೆಂದು ನೀವೇ ಹೇಳಿದಿರಲ್ಲ ಎಂಬ ವಾದ. ಸ್ಥಿರತೆಯ ಮಟ್ಟಿಗೆ ಅದು ನಿಜವೇ. ಆದರೆ ಒಂದು ಮೆಗಾಓಮ್ ಜೊತೆ 10 ಪಿಕೋಫ್ಯಾರಡ್ ಸೇರಿದರೆ ಬ್ಯಾಂಡ್‌ವಿಡ್ತ್ 16 ಕಿಲೋಹರ್ಟ್ಸ್‌ಗೆ ಕುಸಿಯುತ್ತದೆ, ನಮ್ಮ ಸಿಗ್ನಲ್ಲೋ 20 ಕಿಲೋಹರ್ಟ್ಸ್‌ನದು. ಏರಿಕೆಯ ಕಾಲ 22 ಮೈಕ್ರೋಸೆಕೆಂಡ್ ಆಗುತ್ತದೆ, ಎಲ್‌ಇಡಿ ಉರಿಯುವುದೇ ಒಂದು ಸಲಕ್ಕೆ 25 ಮೈಕ್ರೋಸೆಕೆಂಡ್. ಇದನ್ನು ಮಾತಿನಲ್ಲಿ ಹೇಳಿ ಪ್ರಯೋಜನವಾಗದೆ, 10 ಪಿಕೋಫ್ಯಾರಡ್ ಹಾಕಿದ ಬೋರ್ಡನ್ನು ಮ್ಯಾನೇಜರ್ ಎದುರಿಗೆ ನಡೆಸಿ, ಚೌಕ ಅಲೆ ಶಾರ್ಕ್ ಮೀನಿನ ರೆಕ್ಕೆಯಾಗಿ ಮಲಗಿದ್ದನ್ನು ತೋರಿಸಿದ ಮೇಲೆ ರೀಲಿಗೆ ಸಹಿ ಬಿತ್ತು.

ಅಷ್ಟರಲ್ಲಿ ಮೆಕ್ಯಾನಿಕಲ್ ವಿಭಾಗದವರು, ಡಯೋಡ್ ಒಂದನ್ನೇ ಇಳಿಜಾರಿನ ಬಳಿ ಇಟ್ಟು, ಬೋರ್ಡನ್ನು ಒಂದು ಮೀಟರ್ ಆಚೆಯ ಪೆಟ್ಟಿಗೆಯಲ್ಲಿಡುತ್ತೇವೆ, ನಡುವೆ ಶೀಲ್ಡ್ ಕೇಬಲ್ ಎಳೆದರಾಯಿತು ಎಂದರು. ತೆಳು ಕೋಆಕ್ಸಿಯಲ್ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತದೆ. ಒಟ್ಟು 200 ಆದರೆ 132 ಕಿಲೋಹರ್ಟ್ಸ್ ಇದ್ದದ್ದು 94ಕ್ಕೆ ಇಳಿಯುತ್ತದೆ, ಅದೇ 1.5 ಪಿಕೋಫ್ಯಾರಡ್‌ಗೆ ಓವರ್‌ಶೂಟ್ ಮತ್ತೆ 16 ಶೇಕಡಾ ದಾಟುತ್ತದೆ, ಮೇಲಾಗಿ ಆಪ್-ಆಂಪಿನ ಸ್ವಂತ ವೋಲ್ಟೇಜ್ ನಾಯ್ಸ್ ಮೇಲಿನ ಆವೃತ್ತಿಗಳಲ್ಲಿ ಎರಡರಷ್ಟು ವರ್ಧನೆ ಪಡೆಯುತ್ತದೆ. ಕೆಪಾಸಿಟರ್ ಬದಲಿಸಿ ಓವರ್‌ಶೂಟ್ ಸರಿಪಡಿಸಬಹುದು; ನಾಯ್ಸಿಗೆ ಮತ್ತು ಕಳೆದ ಬ್ಯಾಂಡ್‌ವಿಡ್ತಿಗೆ ಮದ್ದಿಲ್ಲ. ಡಯೋಡಿಗೆ ರಿವರ್ಸ್ ಬಯಾಸ್ ಕೊಟ್ಟು ಅದರ 70 ಪಿಕೋಫ್ಯಾರಡನ್ನು ಅರ್ಧದ ಹತ್ತಿರಕ್ಕೆ ತಂದರೂ ಕೇಬಲ್ಲಿನದು ಅಲ್ಲೇ ಉಳಿಯುತ್ತದೆ.

ಸಾಕಷ್ಟು ಜಗ್ಗಾಟವಾದ ಮೇಲೆ ಆಪ್-ಆಂಪ್, ರೆಸಿಸ್ಟರ್ ಮತ್ತು ಕೆಪಾಸಿಟರ್ ಮಾತ್ರವಿರುವ ಹೆಬ್ಬೆರಳಗಲದ ಬೋರ್ಡೊಂದು ಡಯೋಡಿನ ಬೆನ್ನಿಗೇ ಅಂಟಿತು. ಈಗ ಕೇಬಲ್ ಹೊರುವುದು ಆಪ್-ಆಂಪಿನ ಔಟ್‌ಪುಟ್ಟನ್ನು. ಕೇಬಲ್ಲಿನ ಕೆಪಾಸಿಟೆನ್ಸ್ ಔಟ್‌ಪುಟ್ಟನ್ನು ಕಾಡದಿರಲೆಂದು ನಡುವೆ 100 ಓಮ್ ಇದೆ. ಬೋರ್ಡಿಗೊಂದರಂತೆ ಖರ್ಚಾಗುವ ಆ ರೀಲ್ ಸ್ಟೋರಿನಲ್ಲಿ ಹಾಗೆಯೇ ಕೂತಿದೆ. ಪ್ರತಿ ದಾಸ್ತಾನು ಲೆಕ್ಕದ ವೇಳೆ ಪರ್ಚೇಸಿನವರು, ಇದನ್ನು ಮುಗಿಸುವುದು ಯಾವಾಗ ಎಂದು ನನಗೊಂದು ಮೇಲ್ ಕಳಿಸುತ್ತಾರೆ.