ಕ್ಯಾಲ್‌ಪ್ರೊಟೆಕ್ಟಿನ್ 168 ಎಂದು ವರದಿ ಬಂದರೆ

ನಾಲ್ಕು ತಿಂಗಳಿಂದ ಭೇದಿ ಎಂದು ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ಐಬಿಎಸ್. ಅಂಥವರ ಕರುಳನ್ನು ಕೊಲೊನೋಸ್ಕೋಪಿಯಲ್ಲಿ ನೋಡಿದರೆ ಹುಣ್ಣಿಲ್ಲ, ಊತವಿಲ್ಲ. ಕರುಳಿನ ಚಲನೆ ಮತ್ತು ಸಂವೇದನೆ ಮಾತ್ರ ಹದ ತಪ್ಪಿರುತ್ತದೆ. ಕೆಲವರಿಗೆ ಮಾತ್ರ ಕರುಳಿನ ಉರಿಯೂತದ ಕಾಯಿಲೆಯಾದ ಐಬಿಡಿ, ಅಂದರೆ ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್. ಎಲ್ಲರಿಗೂ ಕೊಲೊನೋಸ್ಕೋಪಿ ಮಾಡುವಂತಿಲ್ಲ, ಆದರೆ ಈ ಕೆಲವರನ್ನು ಬಿಟ್ಟುಬಿಡುವಂತೆಯೂ ಇಲ್ಲ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬಳಕೆಗೆ ಬಂದದ್ದು ಈ ಇಕ್ಕಟ್ಟಿಗಾಗಿ. ಒಪಿಡಿಯಲ್ಲಿ ಹೊಸದಾಗಿ ಕೆಲಸ ಶುರುಮಾಡಿದ ಕಿರಿಯ ವೈದ್ಯರಿಗೂ ಲ್ಯಾಬಿನವರಿಗೂ ಹೇಳಬೇಕಾದ ಮುಖ್ಯ ಮಾತು ಒಂದೇ: ವರದಿಯ ಅಂಕಿ ನೋಡುವ ಮೊದಲು ಆ ಮಲ ಹೇಗೆ ಬಂತು, ಆಗ ರೋಗಿ ಏನು ನುಂಗುತ್ತಿದ್ದರು ಎಂದು ಕೇಳಬೇಕು.

ಕ್ಯಾಲ್‌ಪ್ರೊಟೆಕ್ಟಿನ್ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಒಳಗಿನ ಪ್ರೋಟೀನ್. ಆ ಕಣದ ಸೈಟೋಸಾಲ್‌ನಲ್ಲಿರುವ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಪಾಲು ಇದೇ. ಕರುಳಿನ ಒಳಪದರ ಉರಿಯೂತದಿಂದ ಕೆಟ್ಟಾಗ ನ್ಯೂಟ್ರೋಫಿಲ್‌ಗಳು ಗೋಡೆ ದಾಟಿ ಕರುಳಿನ ಪೊಳ್ಳಿಗೆ ಇಳಿದು ಅಲ್ಲೇ ಸಾಯುತ್ತವೆ, ಒಳಗಿದ್ದ ಪ್ರೋಟೀನ್ ಮಲದಲ್ಲಿ ಬೆರೆಯುತ್ತದೆ. ಕ್ಯಾಲ್ಸಿಯಂ ಹಿಡಿದುಕೊಂಡಿರುವ ಈ ಪ್ರೋಟೀನನ್ನು ಕರುಳಿನ ಕಿಣ್ವಗಳು ಸುಲಭವಾಗಿ ಒಡೆಯಲಾರವು. ಹಾಗಾಗಿ ಮಲದಲ್ಲಿ ಅಳೆಯಲು ಅದು ಉಳಿದಿರುತ್ತದೆ. ಐಬಿಎಸ್‌ನಲ್ಲಿ ನ್ಯೂಟ್ರೋಫಿಲ್‌ಗಳ ಈ ಸಾಗಾಟವೇ ಇಲ್ಲ. ಅಂಕಿ ಹೇಳುವುದೂ ಇಷ್ಟನ್ನೇ: ಕರುಳಿನೊಳಗೆ ನ್ಯೂಟ್ರೋಫಿಲ್ ಬಂದಿವೆಯೋ ಇಲ್ಲವೋ. ಅವು ಯಾಕೆ ಬಂದವು ಎನ್ನುವುದು ವರದಿಯಲ್ಲಿ ಇರುವುದಿಲ್ಲ.

ದೊಡ್ಡವರಲ್ಲಿ ಸಾಮಾನ್ಯವಾಗಿ ಬಳಸುವ ಗೆರೆಗಳು ಎರಡು. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದು, ಅಪಾಯದ ಲಕ್ಷಣಗಳೂ ಇಲ್ಲದಿದ್ದರೆ ಐಬಿಡಿ ಇರುವ ಸಾಧ್ಯತೆ ತೀರಾ ಕಡಿಮೆ. 250 ದಾಟಿದರೆ ಉರಿಯೂತ ಇದೆಯೆಂದೇ ಹಿಡಿದು ಕೊಲೊನೋಸ್ಕೋಪಿಗೆ ಹೋಗಬೇಕು. ನಡುವಿನದು ಅನುಮಾನದ ವಲಯ. ಗೊಂದಲ ಹುಟ್ಟುವುದೇ ಅಲ್ಲಿ, ಅದಕ್ಕೇ ಅಂಥದೊಂದು ಪ್ರಕರಣವನ್ನು ಗುರುತಿನ ವಿವರ ಬದಲಿಸಿ ಇಲ್ಲಿ ಬಿಡಿಸುತ್ತೇನೆ.

ಬ್ರಹ್ಮಾವರ ಕಡೆಯ 31 ವರ್ಷದ ಮಹಿಳೆ. ನಾಲ್ಕೂವರೆ ತಿಂಗಳಿಂದ ದಿನಕ್ಕೆ ಐದಾರು ಸಲ ಸಡಿಲ ಮಲ, ಹೊಕ್ಕುಳ ಕೆಳಗೆ ಬಲಭಾಗದಲ್ಲಿ ಬಂದುಹೋಗುವ ನೋವು. ಮಲದಲ್ಲಿ ರಕ್ತ ಕಂಡಿಲ್ಲ. ತೂಕ ಎರಡು ಕಿಲೋ ಇಳಿದಿತ್ತು. ಹೊಟ್ಟೆ ಸರಿಯಿಲ್ಲವೆಂದು ಬರೀ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆದದ್ದರಿಂದ ಎಂದು ಮನೆಯವರ ಲೆಕ್ಕ. ಹಿಮೋಗ್ಲೋಬಿನ್ 11.4, ಸಿಆರ್‌ಪಿ ಲೀಟರಿಗೆ 7 ಮಿಲಿಗ್ರಾಂ. ಥೈರಾಯ್ಡ್ ಮತ್ತು ಸೀಲಿಯಾಕ್ ಪರೀಕ್ಷೆ ಸರಿಯಿದ್ದವು, ಮಲದ ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ ಅಮೀಬಾ, ಜಿಯಾರ್ಡಿಯಾ ಇರಲಿಲ್ಲ. ಐಬಿಎಸ್ ಎಂದು ಹೇಳಿ ಔಷಧಿಯೂ ಶುರುವಾಗಿತ್ತು. ಕ್ಯಾಲ್‌ಪ್ರೊಟೆಕ್ಟಿನ್ ವರದಿ 168.

ಈ 168ನ್ನು ಇಬ್ಬರು ಎರಡು ರೀತಿ ಓದಬಹುದು. "ಸ್ವಲ್ಪ ಜಾಸ್ತಿ ಅಷ್ಟೆ, ಐಬಿಎಸ್ಸೇ" ಎನ್ನುವುದು ಒಂದು. "ಐಬಿಡಿ ಇದೆ" ಎಂದು ಹೆದರಿಸುವುದು ಇನ್ನೊಂದು. ಎರಡಕ್ಕೂ ಆಧಾರ ಇರಲಿಲ್ಲ, ಏಕೆಂದರೆ ಆ ಸ್ಯಾಂಪಲಿನಲ್ಲಿ ಎರಡು ದೋಷಗಳಿದ್ದವು. ಒಂದು ಅಂಕಿಯನ್ನು ಮೇಲಕ್ಕೆ ಎಳೆಯುವಂಥದ್ದು, ಇನ್ನೊಂದು ಕೆಳಕ್ಕೆ.

ಮೇಲಕ್ಕೆ ಎಳೆಯುವುದು ನೋವಿನ ಮಾತ್ರೆ. ಅದನ್ನು ಕೇಳುವ ರೀತಿಯಲ್ಲಿ ಕೇಳಬೇಕು. "ಮಾತ್ರೆ ಏನಾದರೂ ತಗೊಳ್ತೀರಾ ಅಕ್ಕ?" ಎಂದರೆ "ಇಲ್ಲ ಡಾಕ್ಟ್ರೇ" ಎಂದೇ ಉತ್ತರ. "ಸೊಂಟ ನೋವಿಗೆ, ತಲೆನೋವಿಗೆ, ತಿಂಗಳ ನೋವಿಗೆ?" ಎಂದು ಹೆಸರಿಟ್ಟು ಕೇಳಿದರೆ "ಅದುಂಟು, ರಾತ್ರಿ ಒಂದು" ಎನ್ನುತ್ತಾರೆ. ಈಕೆ ಸೊಂಟನೋವಿಗೆ ಅಸೆಕ್ಲೊಫೆನಾಕ್ ನುಂಗುತ್ತಿದ್ದರು, ಜತೆಗೆ ಬೆಳಿಗ್ಗೆ ಗ್ಯಾಸ್ ಮಾತ್ರೆಯೆಂದು ಪ್ಯಾಂಟೊಪ್ರಜೋಲ್. ಡೈಕ್ಲೊಫೆನಾಕ್ ಗುಂಪಿನ ಮಾತ್ರೆಗಳು ಸಣ್ಣಕರುಳಿನ ಒಳಪದರವನ್ನು ಕೆರೆದು ಎರಡು ವಾರದೊಳಗೇ ಕ್ಯಾಲ್‌ಪ್ರೊಟೆಕ್ಟಿನ್ ಏರಿಸಬಲ್ಲವು. ಪ್ಯಾಂಟೊಪ್ರಜೋಲಿನಂಥ ಮಾತ್ರೆ ತೆಗೆದುಕೊಳ್ಳುವವರಲ್ಲೂ ಅಂಕಿ ಸ್ವಲ್ಪ ಹೆಚ್ಚಿರುವುದು ಕಂಡುಬಂದಿದೆ. ಇದೇ ಸಾಲಿಗೆ ಇತ್ತೀಚಿನ ಬ್ಯಾಕ್ಟೀರಿಯಾ ಸೋಂಕಿನ ಭೇದಿಯೂ ಸೇರುತ್ತದೆ. ಮಳೆಗಾಲದಲ್ಲಿ ನೀರು ಕೆಟ್ಟು ವಾಂತಿಭೇದಿ ಆದವರಿಗೆ ಅದು ನಿಂತು ಕೆಲವು ವಾರ ಕಳೆಯುವ ತನಕ ಈ ಪರೀಕ್ಷೆ ಬರೆಯದಿರುವುದೇ ಒಳ್ಳೆಯದು.

ಕೆಳಕ್ಕೆ ಎಳೆಯುವುದು ನೀರಾದ ಮಲ. ಈಗಿನ ಹೆಚ್ಚಿನ ಕಿಟ್‌ಗಳಲ್ಲಿ ಮಲವನ್ನು ತೂಗುವುದಿಲ್ಲ. ತುದಿಯಲ್ಲಿ ಗೀರುಗಳಿರುವ ಕಡ್ಡಿಯನ್ನು ಮಲದಲ್ಲಿ ಅದ್ದಿ ತೆಗೆದರೆ ಗೀರುಗಳಲ್ಲಿ ಇಷ್ಟು ಮಿಲಿಗ್ರಾಂ ನಿಲ್ಲುತ್ತದೆ ಎಂಬ ಲೆಕ್ಕದ ಮೇಲೆ ಇಡೀ ಪರೀಕ್ಷೆ ನಿಂತಿದೆ. ಗಟ್ಟಿ ಅಥವಾ ಮೆತ್ತನೆಯ ಮಲದಲ್ಲಿ ಇದು ನಡೆಯುತ್ತದೆ. ನೀರಾದ ಮಲ ಗೀರಿನಿಂದ ಜಾರಿಹೋಗುತ್ತದೆ, ನಿಂತದ್ದರಲ್ಲೂ ಹೆಚ್ಚಿನ ಪಾಲು ನೀರೇ. ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಕೈಯಿಂದ ತೂಗುವ ಲ್ಯಾಬಿನಲ್ಲಿ 100 ಮಿಲಿಗ್ರಾಂ ಮಲವನ್ನು 5 ಮಿಲಿಲೀಟರ್ ದ್ರಾವಣದಲ್ಲಿ ಕದಡಿ, ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ಎಲೈಸಾಗೆ ಹಾಕುತ್ತಾರೆ. ಅಲ್ಲಿ ಜಾರುವ ತೊಂದರೆ ಇಲ್ಲ, ನೀರು ಬೆರೆತ ತೊಂದರೆ ಮಾತ್ರ ಉಳಿಯುತ್ತದೆ. ಈಕೆಯ ಡಬ್ಬಿಯ ಮೇಲೆ "ನೀರಾಗಿದೆ" ಎಂದು ಲ್ಯಾಬಿನ ಹುಡುಗ ಬರೆದಿದ್ದ. ಆ ಟಿಪ್ಪಣಿ ಮುದ್ರಿತ ವರದಿಗೆ ಬಂದಿರಲಿಲ್ಲ, ಲ್ಯಾಬಿಗೆ ಫೋನ್ ಮಾಡಿ ಕೇಳಿದ ಮೇಲೆ ತಿಳಿಯಿತು. ಮಲ ಯಾವ ಹದದಲ್ಲಿತ್ತು ಎಂಬ ಒಂದು ಸಾಲು ಪ್ರತಿ ವರದಿಯಲ್ಲೂ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದ್ದರಿಂದ ಮಾಡಿದ್ದು ಇಷ್ಟು. ಸೊಂಟನೋವಿಗೆ ಅಸೆಕ್ಲೊಫೆನಾಕ್ ಬದಲು ಪ್ಯಾರಾಸಿಟಮಾಲ್. ಪ್ಯಾಂಟೊಪ್ರಜೋಲ್ ಬೇಕೆನ್ನಲು ಕಾರಣವೇ ಇರಲಿಲ್ಲ, ಅದೂ ನಿಂತಿತು. ಮೂರು ವಾರ ಬಿಟ್ಟು ಮತ್ತೆ ಸ್ಯಾಂಪಲ್. ಈ ಸಲ ಕೊಡುವ ಕ್ರಮವನ್ನು ಡಬ್ಬಿ ಕೈಗೆ ಕೊಡುವಾಗಲೇ ಬಾಯಲ್ಲಿ ಹೇಳಿ ಕಳಿಸಲಾಯಿತು: ಬೆಳಗಿನ ಮೊದಲ ಮಲ, ಮುಟ್ಟಿನ ದಿನಗಳಲ್ಲಿ ಬೇಡ, ಕಕ್ಕಸಿನ ನೀರು ಮತ್ತು ಮೂತ್ರ ತಾಗಬಾರದು. ಭಾರತೀಯ ಮಾದರಿಯ ಕಕ್ಕಸಾದರೆ ಒಣ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿಯಬೇಕು. ಲೋಳೆ ಒಂದು ಕಡೆ ಮಾತ್ರ ಇರಬಹುದಾದ್ದರಿಂದ ಮೂರು ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು ಒಂದು ಚಮಚದಷ್ಟು ಸಾಕು. ಡಬ್ಬಿಯನ್ನು ಅದೇ ದಿನ ಲ್ಯಾಬಿಗೆ ಮುಟ್ಟಿಸಬೇಕು. ಈ ಪ್ರೋಟೀನ್ ಕೆಲವು ದಿನ ಕೆಡದೆ ಉಳಿಯುತ್ತದೆ ಎಂಬ ಭರವಸೆ ತಣ್ಣನೆಯ ಊರಿನ ಕೋಣೆಗೆ ಸರಿಹೋಗಬಹುದು. ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಸೀಟಿನ ಮೇಲೆ ಕುಂದಾಪುರದಿಂದ ಮಂಗಳೂರಿಗೆ ಬಂದ ಡಬ್ಬಿಗೆ ಅದನ್ನು ಅನ್ವಯಿಸಬಾರದು. ತಡವಾಗುವುದಾದರೆ ಫ್ರಿಜ್.

ಎರಡನೇ ವರದಿ 540. ಮಾತ್ರೆ ಬಿಟ್ಟ ಮೇಲೆ ಅಂಕಿ 50ರ ಕೆಳಗೆ ಇಳಿದಿದ್ದರೆ ಐಬಿಎಸ್ ಎಂದು ನೆಮ್ಮದಿಯಿಂದ ಹೇಳಬಹುದಿತ್ತು. ಅದು ಏರಿತ್ತು. ಇದೇ ಭೇಟಿಯಲ್ಲಿ ವಾರಕ್ಕೆ ಎರಡು ಸಲ ನಡುರಾತ್ರಿ ಭೇದಿಗೆ ಎಚ್ಚರವಾಗುತ್ತದೆ ಎಂದೂ ಹೇಳಿದರು. ಐಬಿಎಸ್ ಇರುವವರನ್ನು ಭೇದಿ ನಿದ್ದೆಯಿಂದ ಎಬ್ಬಿಸುವುದು ಅಪರೂಪ. ಕೊಲೊನೋಸ್ಕೋಪಿ ನಿಗದಿಯಾಯಿತು.

ಇಲ್ಲಿ ಚೀಟಿಯಲ್ಲಿ ಬರೆಯುವ ಒಂದು ಮಾತು ಫಲಿತಾಂಶವನ್ನೇ ಬದಲಿಸುತ್ತದೆ: "ಇಲಿಯಮ್ ಸಹಿತ". ದೊಡ್ಡಕರುಳಿನ ಕೊನೆಯ ತನಕ ಹೋಗಿ ವಾಪಸಾಗಿದ್ದರೆ ಈಕೆಯ ವರದಿ "ಸಹಜ" ಎಂದೇ ಬರುತ್ತಿತ್ತು, ದೊಡ್ಡಕರುಳಿನಲ್ಲಿ ಏನೂ ಇರಲಿಲ್ಲ. ಕವಾಟ ದಾಟಿ ಸಣ್ಣಕರುಳಿನ ತುದಿಯಾದ ಇಲಿಯಮ್ ಒಳಗೆ ಹೋದಾಗ ಉದ್ದುದ್ದ ಹುಣ್ಣುಗಳು, ನಡುವೆ ಆರೋಗ್ಯವಾಗಿರುವ ಪದರ ಕಂಡವು. ಹುಣ್ಣು ಸಣ್ಣಕರುಳಿಗಷ್ಟೇ ಸೀಮಿತವಾದ ಕ್ರೋನ್ಸ್‌ನಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಕೆಲವೊಮ್ಮೆ ಏರದೆಯೂ ಇರುತ್ತದೆ. ಲಕ್ಷಣ ಬಲವಾಗಿದ್ದರೆ ಸಹಜ ಅಂಕಿಯನ್ನು ನಂಬಿ ಕೂರಬಾರದು.

ನಮ್ಮ ದೇಶದಲ್ಲಿ ಇಂಥ ಹುಣ್ಣು ಕಂಡ ಕೂಡಲೇ ಕ್ರೋನ್ಸ್ ಎನ್ನಲಾಗದು. ಕರುಳಿನ ಟಿಬಿಯೂ ಅದೇ ಜಾಗದಲ್ಲಿ ಕೂರುತ್ತದೆ, ಕ್ಯಾಲ್‌ಪ್ರೊಟೆಕ್ಟಿನನ್ನೂ ಅಷ್ಟೇ ಏರಿಸುತ್ತದೆ. 540 ಎಂಬ ಅಂಕಿ ಇವೆರಡನ್ನು ಬೇರೆ ಮಾಡಲಾರದು. ಅಡ್ಡ ಹುಣ್ಣು, ಬಾಯಿ ತೆರೆದು ನಿಂತ ಕವಾಟ ಟಿಬಿಯ ಕಡೆಗೆ ಬೊಟ್ಟು ಮಾಡುತ್ತವೆ. ಉದ್ದದ ಹುಣ್ಣು, ನಡುನಡುವೆ ಬಿಟ್ಟ ಜಾಗ ಕ್ರೋನ್ಸ್ ಕಡೆಗೆ. ಅಷ್ಟರಿಂದ ತೀರ್ಮಾನವಾಗುವುದಿಲ್ಲ, ಬಯಾಪ್ಸಿ ಬೇಕು. ಆ ಕೋಣೆಯಲ್ಲಿ ಆಗುವ ಎಡವಟ್ಟು ಏನೆಂದರೆ ತೆಗೆದ ತುಣುಕುಗಳನ್ನೆಲ್ಲ ಫಾರ್ಮಲಿನ್ ಬಾಟಲಿಗೆ ಹಾಕುವುದು. ಫಾರ್ಮಲಿನ್‌ನಲ್ಲಿ ಟಿಬಿ ಬ್ಯಾಕ್ಟೀರಿಯಾ ಸಾಯುತ್ತದೆ, ಕಲ್ಚರ್ ಮಾಡಲು ಏನೂ ಉಳಿಯುವುದಿಲ್ಲ. ಕೆಲವು ತುಣುಕು ಫಾರ್ಮಲಿನ್‌ಗೆ, ಕೆಲವು ಬರೀ ಸಲೈನ್‌ಗೆ. ಎರಡು ಬಾಟಲಿಗೂ ಚೀಟಿ ಅಂಟಿಸಿಯೇ ಸ್ಕೋಪ್ ಒಳಗೆ ಹೋಗಬೇಕು.

ಈಕೆಯ ಬಯಾಪ್ಸಿಯಲ್ಲಿ ಉರಿಯೂತ ಇತ್ತು, ಒಂದು ಸಣ್ಣ ಗ್ರ್ಯಾನುಲೋಮಾ ಇತ್ತು, ಟಿಬಿಗೆ ಗುರುತಾದ ಕೊಳೆತ ನಡುಭಾಗ ಇರಲಿಲ್ಲ. ಟಿಬಿ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್. ಆದರೆ ಕರುಳಿನ ಟಿಬಿಯಲ್ಲಿ ಬ್ಯಾಕ್ಟೀರಿಯಾ ಸಂಖ್ಯೆಯೇ ಕಡಿಮೆ, ಈ ಪರೀಕ್ಷೆ ಹಲವರಲ್ಲಿ ತಪ್ಪಿಹೋಗುತ್ತದೆ. ಅನುಮಾನ ಉಳಿದಾಗ ಸ್ಟೀರಾಯ್ಡ್ ಕೊಟ್ಟು ನೋಡುವುದು ಅಪಾಯ, ಟಿಬಿಯಾಗಿದ್ದರೆ ಅದು ಹರಡುತ್ತದೆ. ಹಾಗಾಗಿ ಟಿಬಿ ಔಷಧಿಯನ್ನೇ ಮೊದಲು ಶುರುಮಾಡಿ ಎರಡು ತಿಂಗಳಿಗೆ ಮರುಪರಿಶೀಲನೆ ಎಂದು ನಿರ್ಧಾರವಾಯಿತು.

ಕ್ಯಾಲ್‌ಪ್ರೊಟೆಕ್ಟಿನ್ ಮತ್ತೆ ಕೆಲಸಕ್ಕೆ ಬಂದದ್ದು ಈ ಹಂತದಲ್ಲಿ. ಒಂದೇ ಅಂಕಿ ಟಿಬಿ, ಕ್ರೋನ್ಸ್ ಬೇರೆ ಮಾಡದಿದ್ದರೂ ಔಷಧಿಯ ಮೇಲೆ ಅದು ಇಳಿಯುತ್ತದೋ ಇಲ್ಲವೋ ಎನ್ನುವುದು ಸುಳಿವು ಕೊಡುತ್ತದೆ. ಟಿಬಿಯಾಗಿದ್ದರೆ ಎರಡು ತಿಂಗಳಲ್ಲಿ ಚೆನ್ನಾಗಿ ಇಳಿಯಬೇಕು. ಈಕೆಯದು 505. ಭೇದಿ ಸ್ವಲ್ಪ ಕಡಿಮೆಯಾಗಿದೆ ಎಂದು ಅವರೇ ಹೇಳುತ್ತಿದ್ದರು, ಅದನ್ನು ಮಾತ್ರ ಕೇಳಿದ್ದರೆ ಔಷಧಿ ಹಿಡಿಸಿದೆ ಎಂದುಕೊಳ್ಳಬಹುದಿತ್ತು. ಮರು ಕೊಲೊನೋಸ್ಕೋಪಿಯಲ್ಲಿ ಹುಣ್ಣುಗಳು ಇದ್ದ ಹಾಗೇ ಇದ್ದವು, ಕಲ್ಚರಿನಲ್ಲೂ ಏನೂ ಬೆಳೆಯಲಿಲ್ಲ. ಕ್ರೋನ್ಸ್ ಎಂದು ತೀರ್ಮಾನಿಸಿ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ 9 ಮಿಲಿಗ್ರಾಂ ಶುರುವಾಯಿತು.

ಮುಂದಿನ ಪರೀಕ್ಷೆಗೆ ಅದೇ ಲ್ಯಾಬು, ಅದೇ ಕಿಟ್ ಎಂದು ಚೀಟಿಯಲ್ಲೇ ಬರೆದುಕೊಡಬೇಕು. ಬೇರೆ ಬೇರೆ ಕಂಪನಿಯ ಕಿಟ್‌ಗಳು ಒಂದೇ ಮಲಕ್ಕೆ ತೀರಾ ಬೇರೆ ಅಂಕಿ ಕೊಡುತ್ತವೆ. ಒಂದರಲ್ಲಿ 505 ಬಂದದ್ದು ಇನ್ನೊಂದರಲ್ಲಿ 300 ಬಂದರೆ ಅದನ್ನು ಔಷಧಿಯ ಗುಣ ಎಂದು ಓದುವ ಅಪಾಯವಿದೆ. ಕೊಲೊನೋಸ್ಕೋಪಿಗೆ ಕರುಳು ತೊಳೆಯುವ ಔಷಧಿ ಕುಡಿದ ಆಸುಪಾಸಿನ ದಿನಗಳ ಮಲವೂ ಬೇಡ. ವಯಸ್ಸು 50 ದಾಟಿದವರಲ್ಲಿ ಹೊಸದಾಗಿ ರಕ್ತ, ರಕ್ತಹೀನತೆ ಇದ್ದರೆ ಈ ಪರೀಕ್ಷೆಗೆ ಕಾಯದೆ ನೇರವಾಗಿ ಕೊಲೊನೋಸ್ಕೋಪಿ, ಅಲ್ಲಿ ಹುಡುಕಬೇಕಾದ್ದು ಕ್ಯಾನ್ಸರ್. ಪಿತ್ತಕೋಶ ತೆಗೆಸಿಕೊಂಡ ಮೇಲೆ ಶುರುವಾದ ನೀರುಭೇದಿಯಲ್ಲಿ ಅಂಕಿ 30 ಬಂದರೂ ಐಬಿಎಸ್ ಎಂದು ಫೈಲು ಮುಚ್ಚಬೇಡಿ. ಪಿತ್ತರಸದಿಂದಾಗುವ ಭೇದಿಯಲ್ಲೂ ಕ್ಯಾಲ್‌ಪ್ರೊಟೆಕ್ಟಿನ್ ಏರುವುದಿಲ್ಲ, ಅದಕ್ಕೆ ಕೊಲೆಸ್ಟೈರಮಿನ್ ಎಂಬ ಬೇರೆಯೇ ಔಷಧಿ ಇದೆ.